ಚಪ್ಪಟೆ ಪಾದಕ್ಕೆ ವಿಶೇಷ ಬೂಟು ಬೇಕೇ?

ಮಡಕಶಿರಾದ ತಾಯಿಗೆ: ನಿಮ್ಮ ನಾಲ್ಕು ವರ್ಷದ ಮಗನನ್ನು ತುದಿಗಾಲಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಆಗ ಪಾದದ ಒಳಬದಿಯಲ್ಲಿ ಕಮಾನು ಮೂಡಿ, ಹಿಮ್ಮಡಿ ಒಳಕ್ಕೆ ವಾಲಿದರೆ ಚಿಂತೆಯಿಲ್ಲ. ಈ ವಯಸ್ಸಿಗೆ ಪಾದದಡಿ ಕೊಬ್ಬು ಹೆಚ್ಚು, ಕೀಲುಗಳೂ ಸಡಿಲ. ಹತ್ತು ವರ್ಷದೊಳಗೆ ಹೆಚ್ಚಿನ ಮಕ್ಕಳಿಗೆ ಕಮಾನು ತಾನಾಗಿ ಬರುತ್ತದೆ. ಅಂಗಡಿಯವರು ತೋರಿಸಿದ ದುಬಾರಿ ಬೂಟಾಗಲಿ, ಒಳಗಿಡುವ ಆಸರೆಯಾಗಲಿ ಅದನ್ನು ಬೇಗ ತರುವುದಿಲ್ಲ.

ಮಣಿಪಾಲದ ವೈದ್ಯರಾದ ರಾವ್ ಮತ್ತು ಬೆಂಜಮಿನ್ ಜೋಸೆಫ್ 1992ರಲ್ಲಿ 2300 ಮಕ್ಕಳ ಸಮೀಕ್ಷೆ ಪ್ರಕಟಿಸಿದರು. ಪಾದರಕ್ಷೆ ತೊಡುವವರಲ್ಲಿ ಶೇ 8.6, ಬರಿಗಾಲಿನವರಲ್ಲಿ ಶೇ 2.8 ಮಂದಿಗೆ ಮಾತ್ರ ಚಪ್ಪಟೆ ಪಾದ! ಮುಂಭಾಗ ಮುಚ್ಚಿದ ಬೂಟಿನವರಲ್ಲೇ ಅದು ಹೆಚ್ಚು. ಹಾಗಾಗಿ ಅಂಗಳದಲ್ಲಿ ನಿಮ್ಮ ಮಗ ಬರಿಗಾಲಲ್ಲೇ ಆಡಲಿ.

ನೋವಿದ್ದರೆ, ತುದಿಗಾಲಲ್ಲೂ ಕಮಾನು ಮೂಡದಿದ್ದರೆ, ಅಥವಾ ಒಂದೇ ಪಾದ ಚಪ್ಪಟೆಯಾಗಿದ್ದರೆ ಮೂಳೆ ವೈದ್ಯರಿಗೆ ತೋರಿಸಿ.