ವೀಸಾ ಅರ್ಜಿಯ ಸ್ಥಿತಿ ಓದುವ ಬಗೆ: ಕಡತ ಯಾರ ಕೈಯಲ್ಲಿದೆ?

ವಿದೇಶಿ ಖರೀದಿದಾರರೊಡನೆ ವ್ಯವಹರಿಸುವ ಉದ್ಯಮಿಗೆ ವೀಸಾ ಅರ್ಜಿಯ ಸ್ಥಿತಿ ತೋರಿಸುವ ಪರದೆಯೂ ಒಂದು ಬಗೆಯ ಲೆಕ್ಕಪತ್ರವೇ. ಖಾತೆಯ ಪುಟದಲ್ಲಿ ಯಾರು ಯಾರಿಗೆ ಬಾಕಿ ಎಂದು ನೋಡುವಂತೆ, ಇಲ್ಲಿ ಮುಂದಿನ ಹೆಜ್ಜೆ ಯಾರದು ಎಂಬುದನ್ನು ಮೊದಲು ನೋಡಬೇಕು. ಅದು ತಿಳಿಯದಿದ್ದರೆ ಕಾಯುವಿಕೆಯೇ ನಷ್ಟವಾಗಿ ಪರಿಣಮಿಸುತ್ತದೆ.

ಒಂದು ಉದಾಹರಣೆಯನ್ನು ಪರಿಶೀಲಿಸೋಣ. ನಾಗರಬಾವಿಯ ನಿವಾಸಿಯೊಬ್ಬರು ಪೀಣ್ಯದಲ್ಲಿ ಯಂತ್ರೋಪಕರಣಗಳ ಬಿಡಿಭಾಗ ತಯಾರಿಸುವ ಘಟಕ ಹೊಂದಿದ್ದಾರೆ ಎಂದು ಭಾವಿಸಿ. ಷಿಕಾಗೊ ನಗರದಲ್ಲಿ ಎರಡು ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ನಡೆಯುವ ಐ.ಎಂ.ಟಿ.ಎಸ್. ಯಂತ್ರೋಪಕರಣ ಮೇಳಕ್ಕೆ ಹೋಗಲು ಅವರು ಬಿ-1 ವೀಸಾ ಕೋರಿದ್ದಾರೆ. ಸಂದರ್ಶನ ಜೂನ್ 10ರಂದು ಚೆನ್ನೈ ದೂತಾವಾಸದಲ್ಲಿ ಗೊತ್ತಾಗಿದೆ.

ಸಂದರ್ಶನಕ್ಕೆ ಮುನ್ನ

ಆಗ ಪರದೆಯ ಮೇಲೆ `Application Received` ಎಂದಿರುತ್ತದೆ. ಕಡತ ತೆರೆದಿದೆ, ಸಂದರ್ಶನ ಮತ್ತು ಬೆರಳಚ್ಚು ಮುಂತಾದವುಗಳಿಗೆ ಸಿದ್ಧವಾಗಿದೆ ಎಂಬುದಷ್ಟೇ ಇದರ ಅರ್ಥ. ಅರ್ಜಿಯ ಗುಣದೋಷವನ್ನು ಇನ್ನೂ ಯಾರೂ ನಿರ್ಣಯಿಸಿಲ್ಲ.

ಸಂದರ್ಶನದ ನಂತರ

ಅಧಿಕಾರಿಯು ಘಟಕದ ಉತ್ಪನ್ನಗಳ ವಿವರ ಕೇಳಿ, 221(ಜಿ) ಎಂದು ಬರೆದ ಚೀಟಿಯನ್ನು ಕೊಡುತ್ತಾರೆ. ಸಂಜೆ ಪರದೆ ತೆರೆದರೆ `Refused` ಎಂಬ ಪದ ಕಾಣುತ್ತದೆ. ಹಲವರು ಇಲ್ಲಿಯೇ ಧೈರ್ಯಗೆಡುತ್ತಾರೆ. ಮೊದಲು ಇಂತಹ ಕಡತಗಳಿಗೆ `Administrative Processing` ಎಂಬ ಪದ ಕಾಣುತ್ತಿತ್ತು. 2020ರಲ್ಲಿ ಈ ರೂಢಿ ಬದಲಾಗಿ, ಹೆಚ್ಚುವರಿ ಪರಿಶೀಲನೆಯಲ್ಲಿರುವ ಕಡತಕ್ಕೂ `Refused` ಎಂದೇ ತೋರಿಸಲಾಗುತ್ತಿದೆ. ಪರಿಶೀಲನೆ ಮುಗಿದ ನಂತರ ಮತ್ತೊಮ್ಮೆ ನಿರ್ಣಯ ಮಾಡಲಾಗುವುದೆಂದು ಅದರ ಕೆಳಗಿನ ಸಣ್ಣ ಅಕ್ಷರಗಳ ಒಕ್ಕಣೆ ತಿಳಿಸುತ್ತದೆ.

ಆದರೆ 214(ಬಿ) ಅನ್ವಯ ನಿರಾಕರಿಸಿದ ಅರ್ಜಿಗೂ ಇದೇ ಪದವಿರುತ್ತದೆ. ಅಲ್ಲಿ ಕಡತ ಮುಕ್ತಾಯವಾಗಿದೆ. ಬೇಕಿದ್ದರೆ ಹೊಸ ಅರ್ಜಿ, ಹೊಸ ಶುಲ್ಕ. ಇವೆರಡರ ವ್ಯತ್ಯಾಸ ಪರದೆಯಲ್ಲಿಲ್ಲ, ಕೈಗೆ ಕೊಟ್ಟ ಚೀಟಿಯಲ್ಲಿದೆ. ಆದಕಾರಣ ಪರದೆಯ ಚಿತ್ರದೊಂದಿಗೆ ಆ ಚೀಟಿಯನ್ನೂ ಕಾಪಾಡಿಕೊಳ್ಳುವುದು ಅಗತ್ಯ.

ಎರಡು ಬಗೆಯ ಕಾಯುವಿಕೆ

ಚೀಟಿಯಲ್ಲಿ ದಾಖಲೆ ಕೇಳಿದ್ದರೆ ಬಾಕಿ ಅರ್ಜಿದಾರರದು. ಒಂದು ವರ್ಷದೊಳಗೆ ಅವನ್ನು ಸಲ್ಲಿಸದಿದ್ದರೆ ಹೊಸದಾಗಿ ಅರ್ಜಿ ಹಾಕಿ ಶುಲ್ಕ ತೆರಬೇಕಾಗುತ್ತದೆ. ಏನನ್ನೂ ಕೇಳದೆ ಪರಿಶೀಲನೆ ಬಾಕಿ ಎಂದಿದ್ದರೆ ಕಡತ ಅವರ ಕೈಯಲ್ಲಿದೆ. ಅರ್ಜಿದಾರರು ಮಾಡುವುದೇನೂ ಇಲ್ಲ.

ಪ್ರಸ್ತುತ ಉದಾಹರಣೆಯಲ್ಲಿ ಉದ್ಯಮಿಯು ಜೂನ್ 24ರಂದು ವಿವರಗಳನ್ನು ಸಲ್ಲಿಸುತ್ತಾರೆ. ಮರುದಿನ `Case Last Updated` ಎಂಬಲ್ಲಿ ದಿನಾಂಕ ಬದಲಾಗುತ್ತದೆ. ಕಡತವನ್ನು ಯಾರೋ ಮುಟ್ಟಿದ್ದಾರೆಂಬುದಕ್ಕೆ ಇದು ಗುರುತೇ ಹೊರತು, ವೀಸಾ ಸಮೀಪಿಸಿದೆ ಎಂಬುದಕ್ಕೆ ಅಲ್ಲ. ಇನ್ನು ವಿಚಾರಣಾ ಪತ್ರ ಬರೆಯುವ ಮಾತು. ತುರ್ತು ಪ್ರಯಾಣವನ್ನು ಬಿಟ್ಟರೆ, ಸಂದರ್ಶನ ಅಥವಾ ಹೆಚ್ಚುವರಿ ದಾಖಲೆ ಸಲ್ಲಿಕೆ, ಇವೆರಡರಲ್ಲಿ ನಂತರದ್ದರಿಂದ 180 ದಿನ ಕಾಯಬೇಕೆಂದು ಅಮೆರಿಕದ ವಿದೇಶಾಂಗ ಇಲಾಖೆ ತಿಳಿಸಿದೆ. ಜೂನ್ 24ರಿಂದ ಎಣಿಸಿದರೆ ಡಿಸೆಂಬರ್ 21. ಮೇಳ ಸೆಪ್ಟೆಂಬರಿನಲ್ಲೇ ಮುಗಿದಿರುತ್ತದೆ! ಈ 180 ದಿನವೂ ವಿಚಾರಿಸಲು ಹೇಳಿದ ಅವಧಿಯೇ ಹೊರತು ನಿರ್ಣಯದ ಗಡುವಲ್ಲ.

ಜರ್ಮನಿ ಮೊದಲಾದ ಷೆಂಗೆನ್ ದೇಶಗಳ ಅಲ್ಪಾವಧಿ ವೀಸಾ ಇದಕ್ಕಿಂತ ಭಿನ್ನ. ಅಲ್ಲಿ ಕಡತ ಪರಿಶೀಲನೆಯಲ್ಲಿದೆ ಎಂದಾಗ ಸಾಮಾನ್ಯವಾಗಿ 15 ದಿನ, ವಿಶೇಷ ಪ್ರಕರಣಗಳಲ್ಲಿ ಗರಿಷ್ಠ 45 ದಿನ ಎಂಬ ಮಿತಿಯನ್ನು ನಿಯಮವೇ ವಿಧಿಸಿದೆ. ಕಾಯುವಿಕೆ ಎರಡೂ ಕಡೆ ಇದ್ದರೂ, ಒಂದು ದಿನಾಂಕ ನಮೂದಿಸಿದ ಹುಂಡಿಯಂತೆ, ಇನ್ನೊಂದು ದಿನಾಂಕವಿಲ್ಲದ ಬಾಕಿಯಂತೆ.

ವ್ಯಾಪಾರದ ಲೆಕ್ಕದಲ್ಲಿ

ದಿನಾಂಕವಿಲ್ಲದ ಬಾಕಿಯನ್ನು ನೆಚ್ಚಿ ಹಣ ತೊಡಗಿಸುವುದು ವಿವೇಕವಲ್ಲ. ಚೀಟಿ ಕೈಗೆ ಬಂದ ದಿನವೇ ಉದ್ಯಮಿಯು ಮೂರು ಕೆಲಸ ಮಾಡಬೇಕು. ಹಣ ಮರಳಿಸದ ವಿಮಾನ ಟಿಕೆಟ್ಟನ್ನು ಕೊಳ್ಳಬಾರದು. ಮಳಿಗೆಯ ಬಾಡಿಗೆ ಕೊಟ್ಟಿದ್ದರೆ, ವೀಸಾ ಇರುವ ಪಾಲುದಾರರನ್ನು ಅಥವಾ ಅಲ್ಲಿಯ ಪ್ರತಿನಿಧಿಯನ್ನು ನೇಮಿಸಿ ಮಾದರಿಗಳನ್ನು ಮುಂಚಿತವಾಗಿ ರವಾನಿಸಬೇಕು. ಖರೀದಿದಾರರಿಗೆ ಪರಿಸ್ಥಿತಿ ತಿಳಿಸಿ, ಭೇಟಿಗೆ ಪರ್ಯಾಯ ಏರ್ಪಾಡನ್ನು ಸೂಚಿಸಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಮುಂದೆ ವೀಸಾ ದೊರೆತರೂ 221(ಜಿ) ನಿರಾಕರಣೆಯೆಂದೇ ದಾಖಲಾಗಿರುತ್ತದೆ. ಹಿಂದೆ ವೀಸಾ ನಿರಾಕರಿಸಲಾಗಿತ್ತೇ ಎಂದು ಮುಂದಿನ ಅರ್ಜಿಯಲ್ಲಿ ಕೇಳಿದಾಗ ಹೌದು ಎಂದೇ ಉತ್ತರಿಸಿ, ಪರಿಶೀಲನೆಯ ನಂತರ ವೀಸಾ ದೊರೆತ ಸಂಗತಿಯನ್ನು ವಿವರಿಸಬೇಕು. ಅಲ್ಲ ಎಂದು ಬರೆದರೆ ಮುಗಿದುಹೋದ ಕಾಯುವಿಕೆಯು ತಪ್ಪು ಹೇಳಿಕೆಯ ಆಪಾದನೆಯಾಗಿ ಮರಳಿ ಬರಬಹುದು.