ನೀರಿನ ಪರೀಕ್ಷಾ ವರದಿ: ಎಲ್ಲರಿಗೂ ತಿಳಿಯುವ ಬಣ್ಣ, ಮೊಬೈಲಿನಲ್ಲಿ ಓದಬಹುದಾದ ಪುಟ

ಜಲಮೂಲಗಳ ಪರೀಕ್ಷಾ ವರದಿಯನ್ನು ಸದಸ್ಯರು ಬಹುಮಟ್ಟಿಗೆ ಮೊಬೈಲಿನಲ್ಲಿಯೇ ತೆರೆಯುತ್ತಾರೆ. ಇಂತಹ ಕೋಷ್ಟಕಗಳಲ್ಲಿ ಯೋಗ್ಯ ನೀರಿಗೆ ಹಸಿರು, ಅಯೋಗ್ಯ ನೀರಿಗೆ ಕೆಂಪು ತುಂಬುವುದು ರೂಢಿ. ಕೆಂಪು-ಹಸಿರು ವರ್ಣಾಂಧತೆಯುಳ್ಳವರಿಗೆ ಇವೆರಡೂ ಕಂದುಛಾಯೆಯ ಒಂದೇ ಬಣ್ಣದಂತೆ ತೋರಬಹುದು. ಈ ದೋಷವು ಸಾಮಾನ್ಯವಾಗಿ ಹುಟ್ಟಿನಿಂದಲೇ ಬರುವಂಥದ್ದು. ಪುರುಷರಲ್ಲಿ ಹೆಚ್ಚು, ಮಹಿಳೆಯರಲ್ಲಿ ವಿರಳ. ತಮಗೆ ಈ ದೋಷವಿರುವುದು ಅನೇಕರಿಗೆ ತಿಳಿದೇ ಇರುವುದಿಲ್ಲ.

ಇದರ ಪರಿಣಾಮ ಸಣ್ಣದಲ್ಲ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವಿಲ್ಲದಿದ್ದಲ್ಲಿ ಮಾತ್ರ 1.5ರವರೆಗೆ ಅನುಮತಿಯಿದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. 2.1 ಇರುವ ಕೊಳವೆಬಾವಿಯ ಚೌಕವು ಓದುವವರಿಗೆ ಬೇರೆಯಾಗಿ ಕಾಣದಿದ್ದರೆ, ಅದೇ ನೀರು ಅಂಗನವಾಡಿಗೂ ಹರಿಯುತ್ತಿರುತ್ತದೆ.

ಉದಾಹರಣೆಗೆ, 12 ಕೊಳವೆಬಾವಿಗಳ ವರದಿಯೊಂದನ್ನು ತಿದ್ದುವ ಕ್ರಮವನ್ನು ನೋಡಬಹುದು. ಮೊದಲಿಗೆ, ಫಲಿತಾಂಶವನ್ನು ಅಕ್ಷರಗಳಲ್ಲಿಯೇ ಬರೆಯಬೇಕು: ‘ಯೋಗ್ಯ’, ‘ಬೇರೆ ಮೂಲವಿಲ್ಲದಿದ್ದರೆ ಮಾತ್ರ’, ‘ಕುಡಿಯಬಾರದು’. ಬಣ್ಣವು ಈ ಮಾತಿಗೆ ಒತ್ತಾಸೆಯಾಗಬೇಕೇ ಹೊರತು ಅದರ ಸ್ಥಾನವನ್ನು ತೆಗೆದುಕೊಳ್ಳಬಾರದು. ಯೋಗ್ಯವಾದುದಕ್ಕೆ ನೀಲಿ (#0072B2) ಹಿನ್ನೆಲೆಯ ಮೇಲೆ ಬಿಳಿ ಅಕ್ಷರ, ಕುಡಿಯಬಾರದ್ದಕ್ಕೆ ಕಿತ್ತಳೆ (#E69F00) ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ, ನಡುವಿನದಕ್ಕೆ ಬಣ್ಣವಿಲ್ಲದ ಚೌಕ ಸಾಕು. ಈ ನೀಲಿ ಮತ್ತು ಕಿತ್ತಳೆ, ಜಪಾನಿನ ಒಕಾಬೆ ಮತ್ತು ಇಟೊ ಅವರು ವರ್ಣಾಂಧರನ್ನೂ ಗಮನದಲ್ಲಿಟ್ಟು ರೂಪಿಸಿದ ವರ್ಣಸಮೂಹಕ್ಕೆ ಸೇರಿದವು.

ಎರಡನೆಯದು ಪುಟದ ಅಳತೆ. ಎ4 ಹಾಳೆಯ ಅಗಲ 210 ಮಿ.ಮೀ.; ಮೊಬೈಲ್ ಪರದೆಯದು ಸುಮಾರು 70 ಮಿ.ಮೀ. ಆದುದರಿಂದ 12 ಪಾಯಿಂಟಿನ ಅಕ್ಷರ ಪರದೆಯಲ್ಲಿ 4 ಪಾಯಿಂಟಿಗೆ ಕುಗ್ಗುತ್ತದೆ. ಕನ್ನಡದ ಒತ್ತಕ್ಷರಗಳು ಕಲಸಿಹೋಗುತ್ತವೆ. ಹಿಗ್ಗಿಸಿ ನೋಡಿದರೆ ಊರಿನ ಹೆಸರು ಒಂದು ಬದಿಗೆ, ಫಲಿತಾಂಶ ಇನ್ನೊಂದು ಬದಿಗೆ ಪರದೆಯಿಂದಾಚೆ ಸರಿಯುತ್ತವೆ. 148 ಮಿ.ಮೀ. ಅಗಲದ ಎ5 ಪುಟವನ್ನು ನಿಲುವಾಗಿಟ್ಟು 20 ಪಾಯಿಂಟಿನ ಅಕ್ಷರ ಬಳಸಿದರೆ, ಪರದೆಯಲ್ಲಿ ಅದು 9 ಪಾಯಿಂಟಿಗಿಂತ ಕಡಿಮೆಯಾಗದು.

ಈ ಅಗಲದಲ್ಲಿ ಮೂರು ಅಂಕಣಗಳಷ್ಟೇ ಹಿಡಿಯುತ್ತವೆ: ಸ್ಥಳ, ಫ್ಲೋರೈಡ್ ಪ್ರಮಾಣ, ಫಲಿತಾಂಶ. ಕೋಷ್ಟಕದ ಮೇಲೆ ‘12ರಲ್ಲಿ 3 ಕೊಳವೆಬಾವಿಗಳ ನೀರು ಕುಡಿಯಬಾರದು’ ಎಂಬ ಒಂದು ವಾಕ್ಯವಿರಬೇಕು. ಆ ಮೂರನ್ನೂ ಮೊದಲ ಸಾಲುಗಳಲ್ಲಿಯೇ ಇಡಬೇಕು. ಮಾದರಿ ಸಂಗ್ರಹಿಸಿದ ದಿನಾಂಕ, ನೈಟ್ರೇಟ್ ಮೊದಲಾದ ವಿವರಗಳು ಅನುಬಂಧಕ್ಕೆ ಸೇರಲಿ. ಆದರೆ ಬೇರಾವುದೇ ಅಂಶವು ಮಿತಿ ಮೀರಿದ್ದರೆ ಅದರ ಹೆಸರು ಫಲಿತಾಂಶದ ಅಂಕಣದಲ್ಲಿಯೇ ಬರಬೇಕು.

ಕಳುಹಿಸುವ ಮುನ್ನ ವರದಿಯನ್ನು ಕಪ್ಪು-ಬಿಳುಪಿನಲ್ಲಿ ಮುದ್ರಿಸಿ ನೋಡಬೇಕು. ಆಗಲೂ ಮೂರು ಬಗೆಯ ಚೌಕಗಳು ಬೇರೆಬೇರೆಯಾಗಿ ಕಂಡರೆ, ವರ್ಣಾಂಧತೆಯುಳ್ಳವರೂ ಅವುಗಳನ್ನು ಗುರುತಿಸಬಲ್ಲರು. ಅನಂತರ ಮೊಬೈಲಿನಲ್ಲಿ ತೆರೆದು, ಹಿಗ್ಗಿಸದೆ, ತೋಳಳತೆಯ ದೂರದಿಂದ ಮೊದಲ ಸಾಲನ್ನು ಓದಬೇಕು. ಓದಲಾಗದಿದ್ದಲ್ಲಿ ಅಕ್ಷರವನ್ನು ಕಿರಿದಾಗಿಸದೆ, ಅಂಕಣವನ್ನು ಕಡಿಮೆ ಮಾಡತಕ್ಕದ್ದು.