ಅಮೆರಿಕಕ್ಕೆ ಹೊರಟ ಅಮ್ಮನ ಇನ್ಸುಲಿನ್

ಪ್ರಶ್ನೆ: ನನ್ನ ತಾಯಿಗೆ 64 ವರ್ಷ. ಬೆಳಿಗ್ಗೆ 8ಕ್ಕೆ 20, ರಾತ್ರಿ 8ಕ್ಕೆ 16 ಯೂನಿಟ್ 30/70 ಇನ್ಸುಲಿನ್ ಅನ್ನು ಬಾಟಲಿಯಿಂದ ತೆಗೆದು ಚುಚ್ಚಿಕೊಳ್ಳುತ್ತಾರೆ. ಬಿ.ಪಿ. ಮಾತ್ರೆಯೂ ಇದೆ. ಮಲಗುವಾಗ ಸಿಪ್ಯಾಪ್ ಮೆಷಿನ್ ಬೇಕು. ಮೇ ತಿಂಗಳಲ್ಲಿ ದುಬೈ ಮೂಲಕ ಚಿಕಾಗೋಗೆ, ಅಣ್ಣನ ಮನೆಗೆ, ಮೂರು ತಿಂಗಳ ಮಟ್ಟಿಗೆ ಒಬ್ಬರೇ ಹೊರಟಿದ್ದಾರೆ. ಟಿಕೆಟ್ ಇನ್ನೂ ಮಾಡಿಸಿಲ್ಲ. ಏನೇನು ಸಿದ್ಧತೆ ಬೇಕು? ಸಿರಿಂಜ್ ಅಲ್ಲೇ ಕೊಂಡರೆ ಆಗದೇ?
– ಓದುಗರು, ದಾವಣಗೆರೆ

ಉತ್ತರ: ಸಿರಿಂಜ್ ಅಲ್ಲಿ ಕೊಳ್ಳಲೇಬೇಡಿ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಹೆಚ್ಚಿನವು ಒಂದು ಎಂ.ಎಲ್.ಗೆ 40 ಯೂನಿಟ್‌ನವು. ಅದಕ್ಕೆ ತಕ್ಕ ಸಿರಿಂಜ್‌ಗೆ ಕೆಂಪು ಮುಚ್ಚಳ. ಅಮೆರಿಕದ ಅಂಗಡಿಯಲ್ಲಿ ಸಿಗುವುದು ಎಂ.ಎಲ್.ಗೆ 100 ಯೂನಿಟ್ ಲೆಕ್ಕದ, ಕಿತ್ತಳೆ ಮುಚ್ಚಳದ ಸಿರಿಂಜ್. ಅದರಲ್ಲಿ ನಮ್ಮ ಬಾಟಲಿಯ ಮದ್ದನ್ನು 20ರ ಗೆರೆಯವರೆಗೆ ಎಳೆದರೆ ಮೈಗೆ ಸೇರುವುದು ಬರೀ 8 ಯೂನಿಟ್. ಅಲ್ಲಿನ ಬಾಟಲಿಗೆ ನಮ್ಮ ಸಿರಿಂಜ್ ಹಾಕಿದರೆ 20ರ ಜಾಗದಲ್ಲಿ 50 ಯೂನಿಟ್ ಹೋಗುತ್ತದೆ. ಅದು ಜೀವಕ್ಕೇ ಅಪಾಯ. ಬಾಟಲಿ, ಸಿರಿಂಜ್ ಎರಡೂ ಒಂದೇ ಊರಿನವಾಗಿರಲಿ. ಪೆನ್‌ಗೆ ಬದಲಾಯಿಸುವ ಯೋಚನೆ ಇದ್ದರೆ ನಿಮ್ಮ ವೈದ್ಯರನ್ನು ಕೇಳಿ ತಿಂಗಳ ಮುಂಚೆಯೇ ಬದಲಾಯಿಸಿ, ಕೈ ಪಳಗಲಿ.

ಈಗ ಲೆಕ್ಕ. ದಿನಕ್ಕೆ 36 ಯೂನಿಟ್‌ನಂತೆ 90 ದಿನಕ್ಕೆ 3240 ಯೂನಿಟ್ ಬೇಕು. 10 ಎಂ.ಎಲ್. ಬಾಟಲಿಯಲ್ಲಿರುವುದು 400. ಅಂದರೆ ಎಂಟು ಬಾಟಲಿ ಸಾಲದು, ಒಂಬತ್ತು ಬೇಕು. ಒಡೆಯುವುದು, ವಾಪಸ್ ಬರುವುದು ತಡವಾಗುವುದು ಇದ್ದದ್ದೇ. ಹನ್ನೊಂದು ಒಯ್ಯಿರಿ, ಸಿರಿಂಜ್ 200 ಇರಲಿ.

ಇದಿಷ್ಟೂ ಕೈಚೀಲದಲ್ಲೇ ಹೋಗಬೇಕು. ಚೆಕ್-ಇನ್ ಬ್ಯಾಗ್ ಬೇರೆ ಊರಿಗೆ ಹೋದೀತು ಎಂಬುದು ಒಂದು ಕಾರಣ. ಲಗೇಜ್ ಇಡುವ ಜಾಗದ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಬಹುದು ಎಂಬುದು ಇನ್ನೊಂದು. ಮನೆಯವರು ಕಾಳಜಿಯಿಂದ ಐಸ್ ಪ್ಯಾಕ್ ಒತ್ತಿ ಇಟ್ಟರೂ ಅದೇ ಗತಿ. ಪ್ಯಾಕನ್ನು ದಪ್ಪ ಟವೆಲ್‌ನಲ್ಲಿ ಸುತ್ತಿ, ಬಾಟಲಿಗೆ ತಾಗದಂತೆ ಇಡಿ. 30/70 ಬಾಟಲಿಯನ್ನು ಅಂಗೈಯಲ್ಲಿ ಉರುಳಿಸಿದರೆ ಒಂದೇ ಸಮನೆ ಹಾಲಿನ ಬಣ್ಣ ಬರಬೇಕು. ಗಂಟು ಕಂಡರೆ, ಗಾಜಿನ ಒಳಗೋಡೆಗೆ ಬಿಳಿ ಕಣಗಳು ಅಂಟಿದ್ದರೆ ಬಿಸಾಡಿ. ಮಾತ್ರೆಗಳು ಅಂಗಡಿಯ ಸ್ಟ್ರಿಪ್‌ನಲ್ಲೇ ಇರಲಿ, ಡಬ್ಬಿಗೆ ಸುರಿಯಬೇಡಿ. ವೈದ್ಯರ ಲೆಟರ್‌ಹೆಡ್‌ನಲ್ಲಿ, ಪಾಸ್‌ಪೋರ್ಟ್‌ನಲ್ಲಿರುವ ಹೆಸರಿಗೇ, ಇಂಗ್ಲಿಷ್‌ನಲ್ಲಿ ಒಂದು ಪತ್ರ ಬರೆಸಿ. ಅದರಲ್ಲಿ ಕಂಪನಿ ಹೆಸರಲ್ಲ, ಮದ್ದಿನ ಮೂಲ ಹೆಸರು ಇರಬೇಕು. ಸೂಜಿ ಮತ್ತು ಸಿಪ್ಯಾಪ್ ವಿಷಯವೂ ಅದರಲ್ಲಿರಲಿ. ತಪಾಸಣೆಯಲ್ಲಿ ಅವರು ಕೇಳುವ ಮುಂಚೆಯೇ ಅಮ್ಮ ಅದನ್ನು ತೋರಿಸಲಿ.

ಸಮಯದ ಗೊಂದಲ ಎಲ್ಲರಿಗೂ. ಮೇ ತಿಂಗಳಲ್ಲಿ ಚಿಕಾಗೋ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಬೆಳಗಿನ ಜಾವ 4ಕ್ಕೆ ಬೆಂಗಳೂರು ಬಿಡುವ ವಿಮಾನ ಎಂದುಕೊಳ್ಳೋಣ. ಅಮ್ಮನ ಕೈಗಡಿಯಾರ ನಮ್ಮ ಸಮಯದಲ್ಲೇ ಇರಲಿ. ಅದು 8 ತೋರಿಸುವಾಗ ದುಬೈನಲ್ಲಿ ಆರೂವರೆ, ನಿಲ್ದಾಣದಲ್ಲೇ 20 ಯೂನಿಟ್, ತಿಂಡಿ. ಮತ್ತೆ ರಾತ್ರಿ 8 ಆದಾಗ ಎರಡನೇ ವಿಮಾನದಲ್ಲಿರುತ್ತಾರೆ, ಅಲ್ಲಿ 16. ಚಿಕಾಗೋದ ರಾತ್ರಿ ಊಟ 8ಕ್ಕೆ ಎಂದರೆ ನಮ್ಮಲ್ಲಿ ಬೆಳಿಗ್ಗೆ ಆರೂವರೆ. ಹಿಂದಿನ ಚುಚ್ಚಿಗೂ ಇದಕ್ಕೂ ಹತ್ತೂವರೆ ಗಂಟೆ ಅಂತರ. ಆಗ 20 ಅಲ್ಲ, ರಾತ್ರಿಯ 16. ಗಡಿಯಾರ ಬದಲಾಯಿಸುವುದು ಆಮೇಲೆ. ಇದನ್ನು ನಿಮ್ಮ ವೈದ್ಯರಿಗೆ ತೋರಿಸಿ, ಅಮ್ಮನ ಸಕ್ಕರೆ ಮಟ್ಟ ಬಲ್ಲವರು ಅವರು. ಮನೆಯಲ್ಲಿ ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಿಕೊಳ್ಳುವ ರೂಢಿ ವಿಮಾನದಲ್ಲಿ ಬೇಡ. ಕುಲುಕಾಟ ಶುರುವಾದರೆ ಊಟ ಬಡಿಸುವುದನ್ನೇ ನಿಲ್ಲಿಸುತ್ತಾರೆ. ತಟ್ಟೆ ಎದುರಿಗೆ ಬಂದ ಮೇಲೆಯೇ ಸೂಜಿ. ಬೆವರು, ಕೈ ನಡುಕ ಬಂದರೆ ನುಂಗಲು ಗ್ಲೂಕೋಸ್ ಪುಡಿ ಸೀಟಿನ ಮುಂದಿನ ಜೇಬಿನಲ್ಲಿರಲಿ, ತಲೆಮೇಲಿನ ಖಾನೆಯಲ್ಲಿ ಅಲ್ಲ.

ಟಿಕೆಟ್ ಮಾಡಿಸುವಾಗ ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿರಲಿ, ದುಬೈನಲ್ಲಿ ಮೂರು ಗಂಟೆಯಾದರೂ ಬಿಡುವಿರಲಿ. ಊಟದ ಪಟ್ಟಿಯಲ್ಲಿ DBML ಅಂದರೆ ಮಧುಮೇಹಿಗಳ ಊಟ. ಅದರಲ್ಲಿ ಮಾಂಸ ಇರಬಹುದು. ಸಾಮಾನ್ಯವಾಗಿ ಒಬ್ಬರಿಗೆ ಒಂದೇ ವಿಶೇಷ ಊಟ. ಅಮ್ಮ ಸಸ್ಯಾಹಾರಿಯಾದರೆ ನಾನು AVML ಆರಿಸಿ, ಸಿಹಿ ಬಿಡಲು ಹೇಳುತ್ತೇನೆ. ಚಪಾತಿ ಸುರುಳಿ ಹೇಗೂ ಚೀಲದಲ್ಲಿರುತ್ತದೆ. ಆದರೆ ಅದನ್ನು ವಿಮಾನದಲ್ಲೇ ಮುಗಿಸಿ, ಅಮೆರಿಕದ ಕಸ್ಟಮ್ಸ್‌ವರೆಗೆ ಒಯ್ಯುವುದು ಬೇಡ.

ಸಿಪ್ಯಾಪ್ ವಿಷಯವನ್ನು ಕನಿಷ್ಠ 48 ಗಂಟೆ ಮುಂಚೆ ವಿಮಾನ ಕಂಪನಿಗೆ ತಿಳಿಸಬೇಕು. ಬುಕ್ಕಿಂಗ್ ದಿನವೇ ಮಾಡೆಲ್ ಸಂಖ್ಯೆ ಕೊಟ್ಟು, ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆಯಿರಿ. ಟಿಕೆಟ್ ಮಾರಿದ ಕಂಪನಿಯೇ ವಿಮಾನ ಹಾರಿಸುತ್ತದೆ ಎಂದೇನಿಲ್ಲ, ಹಾರಿಸುವವರಿಗೆ ತಿಳಿಸಿ. ಸೀಟಿನ ಪ್ಲಗ್ ನಂಬುವ ಹಾಗಿಲ್ಲ. ಬ್ಯಾಟರಿ ಒಯ್ದರೆ 100 ವಾಟ್-ಅವರ್‌ವರೆಗೆ ತೊಂದರೆಯಿಲ್ಲ, 160ರವರೆಗೆ ಕಂಪನಿಯ ಅನುಮತಿ ಬೇಕು. ಬಿಡಿ ಬ್ಯಾಟರಿ ಚೆಕ್-ಇನ್ ಬ್ಯಾಗ್‌ಗೆ ಹಾಕುವಂತಿಲ್ಲ. ಮೆಷಿನ್‌ನ ನೀರಿನ ತೊಟ್ಟಿ ಖಾಲಿ ಮಾಡಿ ಹೊರಡಿ. ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿದ್ದರೆ ಚಿಕಾಗೋದಲ್ಲಿ ಬೇಕಾಗುವುದು ಅಲ್ಲಿನ ಪಿನ್ ಮಾತ್ರ.